ಸ್ಕ್ವಾಡ್‌ಗೆ ಹೊಸದಾಗಿ ಸೇರಿದವರಿಗೆ: ಮೈಕ್‌ನಲ್ಲಿ ನಾವು ಕೂಗುವುದರ ಅರ್ಥ

ರಾತ್ರಿ ಊಟ ಆದಮೇಲೆ ನಮ್ಮ ಜೊತೆ ಬಿಜಿಎಂಐ ಆಡೋಕೆ ಸೇರಿಕೊಂಡ ಹುಡುಗರಿಗೆ, ವಿದ್ಯಾನಗರದಿಂದ ವ್ಯಾಲರಂಟ್‌ಗೆ ಬರುವ ಇಬ್ಬರು ಹುಡುಗಿಯರಿಗೆ, ಮತ್ತೆ ಚಿತ್ರದುರ್ಗದ ನಮ್ಮ ಸ್ನೈಪರ್‌ನ ತಮ್ಮನಿಗೆ ಇದು. ನಾವು ಕೂಗೋದರಲ್ಲಿ ಅರ್ಧ ನಿಮಗೆ ತಿಳಿಯುತ್ತಿಲ್ಲ ಅಂತ ಗೊತ್ತು. ಗುಂಡು ಹಾರುತ್ತಿರುವಾಗ ಕೂತು ಬಿಡಿಸಿ ಹೇಳೋಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ, ಅದಕ್ಕೆ ಬರೆದಿಟ್ಟಿದ್ದೇನೆ. ಪರೀಕ್ಷೆಗೆ ಓದಿದ ಹಾಗೆ ಅರ್ಥ ಉರು ಹೊಡೆಯಬೇಡಿ. ಪದ ಕಿವಿಗೆ ಬಿದ್ದ ತಕ್ಷಣ ಕೈ ಏನು ಮಾಡಬೇಕು ಅನ್ನೋದು ಗೊತ್ತಾದರೆ ಸಾಕು.

ಮೊದಲು ಆಗ್ರೋ. ಹೊಸಬರು ಜಾಸ್ತಿ ಸಾಯೋದು ಇದು ಗೊತ್ತಿಲ್ಲದೆ. ಆಟದೊಳಗಿನ ಶತ್ರುವಿನ ಸಿಟ್ಟು ಈಗ ಯಾರ ಮೇಲೆ ಇದೆ, ಅದು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದೆ, ಅದೇ ಆಗ್ರೋ. ಮೈನ್‌ಕ್ರಾಫ್ಟ್ ಆಡಿದವರಿಗೆ ಪದ ಗೊತ್ತಿಲ್ಲದಿದ್ದರೂ ಅನುಭವ ಆಗಿರುತ್ತದೆ. ಎಂಡರ್‌ಮ್ಯಾನ್ ತನ್ನ ಪಾಡಿಗೆ ತಾನು ಓಡಾಡಿಕೊಂಡಿರುತ್ತದೆ. ನೀವು ಅದರ ಮುಖ ದಿಟ್ಟಿಸಿದಿರೋ, ಮುಗೀತು, ಆಗ್ರೋ ನಿಮ್ಮ ಮೇಲೆ ಬಂತು. ಅದಕ್ಕೇ ಕೆಲವರು ತಲೆಗೆ ಕೆತ್ತಿದ ಕುಂಬಳಕಾಯಿ ಹಾಕಿಕೊಂಡು ಓಡಾಡುತ್ತಾರೆ, ಆಗ ನೋಡಿದರೂ ಅದು ಸುಮ್ಮನಿರುತ್ತದೆ. ನೆದರ್‌ಗೆ ಹೋದರೆ ಇನ್ನೂ ಮಜಾ. ಅಲ್ಲಿ ಜಾಂಬಿಫೈಡ್ ಪಿಗ್ಲಿನ್‌ಗಳು ಸುಮ್ನೆ ನಿಂತಿರುತ್ತವೆ, ಒಂದಕ್ಕೆ ಗೊತ್ತಿಲ್ಲದೆ ಕತ್ತಿ ತಾಗಿಸಿದರೂ ಸುತ್ತಮುತ್ತ ಇರುವ ಅಷ್ಟೂ ತಿರುಗಿ ಬೀಳುತ್ತವೆ. "ಲೇ, ಆಗ್ರೋ ಮಾಡಬೇಡಲೇ" ಅಂತ ಯಾರಾದರೂ ಕಿರುಚಿದರೆ ಕೈ ಮೌಸ್‌ನಿಂದ ತೆಗೆಯಿರಿ. ಹೊಡೆಯಬೇಡಿ, ಅಷ್ಟೇ.

ಈ ಮಾತು ಹಬ್ಬಿದ್ದು ಎವರ್‌ಕ್ವೆಸ್ಟ್, 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತರದ ಆಟಗಳಿಂದ. ಅಲ್ಲಿ ದೊಡ್ಡ ರಾಕ್ಷಸನನ್ನು ಹೊಡೆಯೋಕೆ ತಂಡ ಕಟ್ಟಿಕೊಂಡು ಹೋಗುತ್ತಾರೆ. ಟ್ಯಾಂಕ್ ಅಂದರೆ ಗಟ್ಟಿ ಆಸಾಮಿ, ಏಟು ತಿನ್ನೋದೇ ಅವನ ಕೆಲಸ. ಹೀಲರ್ ಅವನ ಜೀವ ತುಂಬುತ್ತಾ ಇರುತ್ತಾನೆ. ಉಳಿದವರು ಡಿಪಿಎಸ್, ಅಂದರೆ ಬರೀ ಹೊಡೆಯುವವರು. ಇಲ್ಲಿ ಒಂದು ಲೆಕ್ಕ ಇದೆ. ನೀವು ಹೊಡೆದಷ್ಟೂ ರಾಕ್ಷಸನ ಲಿಸ್ಟ್‌ನಲ್ಲಿ ನಿಮ್ಮ ಹೆಸರು ಮೇಲಕ್ಕೆ ಹೋಗುತ್ತದೆ, ಹೀಲ್ ಮಾಡಿದರೂ ಹೋಗುತ್ತದೆ. ಟ್ಯಾಂಕ್ ಇನ್ನೂ ಸರಿಯಾಗಿ ಅದರ ಸಿಟ್ಟು ಹಿಡಿದಿರುವುದಿಲ್ಲ, ಅಷ್ಟರಲ್ಲಿ ಉತ್ಸಾಹ ಉಕ್ಕಿದ ಡಿಪಿಎಸ್ ಒಬ್ಬ ಇದ್ದಬದ್ದ ದೊಡ್ಡ ಏಟೆಲ್ಲ ಒಟ್ಟಿಗೆ ಹಾಕುತ್ತಾನೆ, ರಾಕ್ಷಸ ಟ್ಯಾಂಕ್‌ನನ್ನು ಬಿಟ್ಟು ಅವನ ಕಡೆ ತಿರುಗುತ್ತದೆ, ತೆಳು ಮೈಯ ಅವನು ಒಂದೇ ಏಟಿಗೆ ಮಲಗುತ್ತಾನೆ, ಆಮೇಲೆ ಬೈಗುಳ ಮಾತ್ರ ಹೀಲರ್‌ಗೆ! ಇಂಥ ಆಟದಲ್ಲಿ ಟ್ಯಾಂಕ್ "ಬಾ" ಅನ್ನೋವರೆಗೆ ಕಾಯಿರಿ.

ಕ್ಲ್ಯಾಶ್ ರಾಯಲ್‌ನಲ್ಲಿ ಇದನ್ನೇ ನಿಮ್ಮ ಲಾಭಕ್ಕೆ ಬಳಸಬಹುದು. ಹಾಗ್ ರೈಡರ್‌ಗೆ ಕಟ್ಟಡ ಬಿಟ್ಟರೆ ಬೇರೇನೂ ಕಣ್ಣಿಗೆ ಕಾಣೋದಿಲ್ಲ. ಅವನು ಟವರ್ ಕಡೆ ನುಗ್ಗುವಾಗ ನಿಮ್ಮ ಅಂಕಣದ ಮಧ್ಯಕ್ಕೆ ಒಂದು ಕ್ಯಾನನ್ ಇಡಿ. ಟವರ್ ಬಿಟ್ಟು ಕ್ಯಾನನ್ ಕಡೆ ಎಳೆದುಕೊಂಡು ಬರುತ್ತಾನೆ, ಅಷ್ಟರಲ್ಲಿ ಎರಡೂ ಟವರ್ ಅವನಿಗೆ ಬಾರಿಸುತ್ತವೆ. ಎದುರಾಳಿಗೆ 4 ಎಲಿಕ್ಸಿರ್ ಖರ್ಚು, ನಿಮಗೆ 3.

ಬಿಜಿಎಂಐನಲ್ಲಿ ರಾಕ್ಷಸ ಇಲ್ಲ, ಎದುರಿಗೆ ಇರೋದು ಮನುಷ್ಯರೇ. ಆದರೂ "ನಾನು ಆಗ್ರೋ ತಗೋತೀನಿ, ನೀವು ಕ್ರಾಸ್ ಮಾಡಿ" ಅಂತ ನಮ್ಮ ಲೀಡರ್ ಅಂದರೆ, ಅವನು ಗಾಡಿ ತಗೊಂಡು ಎದುರಾಳಿ ಮನೆ ಮುಂದೆ ಸದ್ದು ಮಾಡಿಕೊಂಡು ಹೋಗುತ್ತಾನೆ, ಅವರ ಗುಂಡೆಲ್ಲ ಅವನ ಕಡೆ ಹೋಗುತ್ತದೆ, ಆ ಗ್ಯಾಪ್‌ನಲ್ಲಿ ನಾವು ಬಯಲು ದಾಟಬೇಕು. ದಯವಿಟ್ಟು ಆಗ ನಿಂತು ಲೂಟ್ ಬಾಕ್ಸ್ ಕೆದಕಬೇಡಿ. ಇದು ಯಾರಿಗೆ ಅಂತ ಅವರಿಗೆ ಗೊತ್ತು.

ಇನ್ನು ಬಫ್, ನರ್ಫ್. ಆಟ ಮಾಡಿದ ಕಂಪನಿ ಅಪ್‌ಡೇಟ್ ಬಿಟ್ಟಾಗ ಒಂದು ಗನ್ನಿಗೋ ಪಾತ್ರಕ್ಕೋ ಬಲ ಕೂಡಿಸಿದರೆ ಬಫ್, ಬಲ ಕಿತ್ತುಕೊಂಡರೆ ನರ್ಫ್. ನರ್ಫ್ ಅನ್ನೋದು ಸ್ಪಂಜಿನ ಗುಂಡು ಹಾರಿಸುವ ಆಟಿಕೆ ಗನ್ನಿನ ಬ್ರ್ಯಾಂಡ್ ಹೆಸರು. ತಗುಲಿದರೂ ನೋವಾಗದ ಗುಂಡು, ಗೊತ್ತಾಯ್ತಲ್ಲ.

ವ್ಯಾಲರಂಟ್‌ನಲ್ಲಿ ಚೇಂಬರ್ ಅನ್ನೋ ಪಾತ್ರದ ಕಥೆ ಕೇಳಿ. 2021ರ ನವೆಂಬರ್‌ನಲ್ಲಿ ಬಂದ. ಒಂದೇ ಏಟಿಗೆ ಕೊಲ್ಲುವ ಸ್ನೈಪರ್ ತನ್ನ ಅಲ್ಟಿಮೇಟ್‌ನಲ್ಲೇ ಇದೆ, ಇಣುಕಿ ಒಬ್ಬನನ್ನು ಹೊಡೆದು ಮರುಕ್ಷಣ ಟೆಲಿಪೋರ್ಟ್ ಆಗಿ ಮಾಯ. ತಿರುಗಿಸಿ ಹೊಡೆಯೋಕೆ ಚಾನ್ಸೇ ಇರಲಿಲ್ಲ. ಯಾವ ಮ್ಯಾಚ್ ತೆರೆದರೂ ಅವನೇ. ಕೊನೆಗೆ 2022ರಲ್ಲಿ ಮತ್ತೆ ಮತ್ತೆ ನರ್ಫ್ ಮಾಡಿದರು, ಡಿಸೆಂಬರ್‌ನ ಅಪ್‌ಡೇಟ್ ಅಂತೂ ಅವನ ಟೆಲಿಪೋರ್ಟನ್ನೇ ಬದಲಾಯಿಸಿತು, ಎರಡು ಕಡೆ ಇಡುತ್ತಿದ್ದ ಜಾಗ ಒಂದೇ ಆಯಿತು. ಅಲ್ಲಿಂದ ಜನ ಅವನನ್ನು ಕೈಬಿಟ್ಟರು. ಅದೇ ವರ್ಷ ಫೀನಿಕ್ಸ್‌ಗೆ ಬಫ್ ಸಿಕ್ಕಿತು, ಅವನ ಫ್ಲ್ಯಾಶ್ ಕಣ್ಣು ಕುರುಡು ಮಾಡುವ ಹೊತ್ತು ಹೆಚ್ಚಾಯಿತು.

ನನ್ನ ಅಭಿಪ್ರಾಯ ಕೇಳಿದರೆ, "ನನ್ನ ಗನ್ ನರ್ಫ್ ಮಾಡ್ಬಿಟ್ರು ಗುರು" ಅಂತ ಗೋಳಾಡುವ ಹತ್ತು ಜನರಲ್ಲಿ ಒಂಬತ್ತು ಜನರ ಗನ್ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಅಪ್‌ಡೇಟ್ ಬಂದ ದಿನ ಗುರಿ ತಪ್ಪಿದರೆ ನೆಪಕ್ಕೆ ಬರಗಾಲವೇ? ಪ್ಯಾಚ್ ನೋಟ್ಸ್ ಅಂತ ಕಂಪನಿಯೇ ಬರೆದು ಹಾಕಿರುತ್ತದೆ. ಅದನ್ನು ಓದಿ ಆಮೇಲೆ ಗೋಳಾಡಿ.

ಬಫ್‌ಗೆ ಇನ್ನೊಂದು ಬಳಕೆಯೂ ಇದೆ, ಇದರಲ್ಲೇ ಹೊಸಬರಿಗೆ ಗೊಂದಲ. ಮ್ಯಾಚ್ ನಡೆಯುತ್ತಿರುವಾಗಲೇ ಸ್ವಲ್ಪ ಹೊತ್ತಿಗೆ ಸಿಗುವ ಶಕ್ತಿಗೂ ಬಫ್ ಅಂತಲೇ ಅನ್ನುತ್ತಾರೆ. ಬಿಜಿಎಂಐನಲ್ಲಿ ಎನರ್ಜಿ ಡ್ರಿಂಕ್, ಪೇನ್‌ಕಿಲ್ಲರ್ ತಗೊಂಡರೆ ಬೂಸ್ಟ್ ಬಾರ್ ತುಂಬಿ ಹೆಲ್ತ್ ತಾನಾಗೇ ಏರುತ್ತದೆ, ಜಾಸ್ತಿ ತುಂಬಿದರೆ ಓಟವೂ ಚುರುಕಾಗುತ್ತದೆ. ಅದರ ಉಲ್ಟಾ ಡಿಬಫ್, ವ್ಯಾಲರಂಟ್‌ನಲ್ಲಿ ಸೇಜ್ ಹಾಕುವ ಮಂಜಿನ ಮೇಲೆ ಕಾಲಿಟ್ಟರೆ ನಡಿಗೆ ನಿಧಾನ ಆಗುತ್ತಲ್ಲ, ಹಾಗೆ. "ಬಫ್ ಹಾಕ್ಕೊಂಡು ಬಾ" ಅಂದರೆ ಅಪ್‌ಡೇಟ್ ಹಾಕಿಕೊಂಡು ಬಾ ಅಂತಲ್ಲ, ಫೈಟ್‌ಗೆ ಮುಂಚೆ ಡ್ರಿಂಕ್ ಕುಡಿ ಅಂತ.

ಯಾವುದಕ್ಕೆ ಬಲ ಬಂತು, ಯಾವುದರ ಬಲ ಹೋಯಿತು ಅಂತ ಎಲ್ಲರಿಗೂ ಗೊತ್ತಾದಮೇಲೆ, ಗೆಲ್ಲೋಕೆ ಸದ್ಯಕ್ಕೆ ಜನ ಹಿಡಿಯುವ ದಾರಿಯೇ ಮೆಟಾ. ಬಿಜಿಎಂಐನಲ್ಲಿ ಎಂ416 ಗನ್ ಯಾಕೆ ಎಲ್ಲರೂ ಹುಡುಕುತ್ತಾರೆ ನೋಡಿ. ಒಂದೇ ಗುಂಡಿನ ಏಟು ಲೆಕ್ಕ ಹಾಕಿದರೆ ಎಕೆಎಂ ಮುಂದೆ. ಆದರೆ ಎಕೆಎಂ ಸಿಕ್ಕಾಪಟ್ಟೆ ಒದೆಯುತ್ತದೆ, ಅದಕ್ಕೆ ಗ್ರಿಪ್ ಹಾಕೋಕೆ ಬರೋದಿಲ್ಲ, ಸ್ಟಾಕೂ ಬರೋದಿಲ್ಲ. ಎಂ416ಗೆ ಎಲ್ಲ ಹಾಕಬಹುದು, ಹಾಕಿದಮೇಲೆ ದೂರದವನ ಮೇಲೂ ಗುಂಡು ಒಂದೇ ಜಾಗಕ್ಕೆ ಬೀಳುತ್ತದೆ. ಹಾಗಾಗಿ ಎಷ್ಟೋ ಸೀಸನ್ ಅದು ಮೆಟಾ ಆಗಿಯೇ ಉಳಿಯಿತು. ಆದರೆ ಮೆಟಾ ಅಂದರೆ ಶಾಸನ ಅಲ್ಲ. ಮನೆಯೊಳಗಿನ ಫೈಟ್‌ನಲ್ಲಿ ಎಕೆಎಂ ಹಿಡಿದವನು ಎಂ416 ಹಿಡಿದವನನ್ನು ಉಡಾಯಿಸೋದು ದಿನಾ ನೋಡುತ್ತೇವೆ. ಹೊಸಬರು ಮೊದಲು ಮೆಟಾ ಆಡಿ, ಕೈ ಕುದುರಿದಮೇಲೆ ನಿಮ್ಮಿಷ್ಟ. "ಆಫ್ ಮೆಟಾ ಆಡ್ತಿದಾನೆ" ಅಂತ ಯಾರನ್ನಾದರೂ ಕುರಿತು ಅಂದರೆ, ಅವನು ಒಂದೋ ಭಾರಿ ಆಟಗಾರ, ಇಲ್ಲವೋ ನಮಗೆ ಇವತ್ತು ಸೋಲು ಗ್ಯಾರಂಟಿ.

ಓಪಿ ಅಂದರೆ ಅತಿಯಾದ ಬಲ ಇರುವುದು. ಓಪಿ ಆದದ್ದು ಮೆಟಾ ಆಗುತ್ತದೆ, ಮೆಟಾ ಆದದ್ದಕ್ಕೆ ಒಂದಿನ ನರ್ಫ್ ಬೀಳುತ್ತದೆ.

ಕ್ಯಾಂಪರ್ ಅಂದರೆ ಒಂದೇ ಮೂಲೆಯಲ್ಲಿ ಅಡಗಿ, ಬಂದವರನ್ನು ಬಂದ ಹಾಗೆ ಹೊಡೆಯುವವನು. ಬೈಗುಳದ ತರ ಬಳಸುತ್ತಾರೆ. ನಮ್ಮ ಚಿತ್ರದುರ್ಗದವನು ಮಾತ್ರ ಒಪ್ಪೋದೇ ಇಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಿ ಬರುವಾಗ ಓಬವ್ವ ಒನಕೆ ಹಿಡಿದು ನಿಂತಿದ್ದು ಕ್ಯಾಂಪಿಂಗ್ ಏನ್ಲೇ ಅಂತ ಜಗಳಕ್ಕೆ ಬರುತ್ತಾನೆ. ಅವನು ಹೇಳೋದೂ ಸರಿ. ಇಕ್ಕಟ್ಟಿನ ಜಾಗ ಕಾಯೋದಕ್ಕೆ "ಹೋಲ್ಡ್" ಅನ್ನುತ್ತೇವೆ, ವ್ಯಾಲರಂಟ್‌ನಲ್ಲಿ ಸೈಟ್ ಕಾಯುವಾಗ ಅದೇ ಮುಖ್ಯ ಕೆಲಸ. "ಹೋಲ್ಡ್" ಅಂದರೆ ಅಲ್ಲಾಡಬೇಡಿ, ಇಣುಕಬೇಡಿ, ಬರುವವನು ಬರಲಿ.

ಥರ್ಡ್ ಪಾರ್ಟಿ: ಪೋಚಿಂಕಿಯಲ್ಲಿ ನಾವೂ ಇನ್ನೊಂದು ಸ್ಕ್ವಾಡೂ ಹೊಡೆದಾಡಿ ಸುಸ್ತಾಗಿರುವಾಗ ಮೂರನೆಯವರು ಬಂದು ಇಬ್ಬರನ್ನೂ ಮುಗಿಸಿ ಲೂಟ್ ತಗೊಂಡು ಹೋಗೋದು. ಈ ಮಾತು ಕೇಳಿದರೆ ಸತ್ತವರ ಬಾಕ್ಸ್ ಬಿಡಿ, ಮೊದಲು ಗೋಡೆ ಹಿಂದೆ ಹೋಗಿ ಹೆಲ್ತ್ ತುಂಬಿಕೊಳ್ಳಿ.

ಕ್ಲಚ್ ಅಂದರೆ ತಂಡದವರೆಲ್ಲ ಸತ್ತು ಒಬ್ಬನೇ ಉಳಿದು ಎದುರಿನ ಇಬ್ಬರು ಮೂವರನ್ನು ಹೊಡೆದು ಗೆಲ್ಲಿಸೋದು. ಆಗ ಸತ್ತವರ ಕೆಲಸ ಬಾಯಿ ಮುಚ್ಚಿಕೊಂಡಿರೋದು. "ಎಡಕ್ಕೆ, ಎಡಕ್ಕೆ, ಅಲ್ಲ ಬಲಕ್ಕೆ" ಅಂತ ನಾಲ್ಕು ಬಾಯಿ ಸೇರಿದರೆ ಅವನಿಗೆ ಹೆಜ್ಜೆ ಸದ್ದು ಕೇಳಿಸೋದು ಹೇಗೆ?

ಪಿಂಗ್ ಅಂದರೆ ನಿಮ್ಮ ಫೋನಿಗೂ ಸರ್ವರ್‌ಗೂ ಮಾತು ಹೋಗಿ ಬರೋಕೆ ಹಿಡಿಯುವ ಹೊತ್ತು. ಕಡಿಮೆ ಇದ್ದಷ್ಟೂ ಒಳ್ಳೆಯದು. 40ರ ಆಸುಪಾಸು ಇದ್ದರೆ ಆರಾಮ, 200 ದಾಟಿದರೆ ನೀವು ಗೋಡೆ ಹಿಂದೆ ಹೋದಮೇಲೂ ಸಾಯುತ್ತೀರಿ. ಮ್ಯಾಪ್ ಮೇಲೆ ಗುರುತು ಹಾಕೋದಕ್ಕೂ ಪಿಂಗ್ ಅಂತಾರೆ, "ಪಿಂಗ್ ಮಾಡು" ಅಂದರೆ ಆ ಗುರುತು.

ಬಾಟ್ ಅಂದರೆ ಕಂಪ್ಯೂಟರ್ ಆಡಿಸುವ ಆಟಗಾರ. ನಿಮ್ಮನ್ನೇ ಬಾಟ್ ಅಂದರೆ ಕೆಟ್ಟದಾಗಿ ಆಡಿದಿರಿ ಅಂತ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೂಬ್ ಕೂಡ ಹಾಗೇ. ಟಿಲ್ಟ್ ಅಂದರೆ ಸೋತು ಸೋತು ತಲೆ ಕೆಟ್ಟು ಇನ್ನೂ ಕೆಟ್ಟದಾಗಿ ಆಡೋದು. ಟಿಲ್ಟ್ ಆದವನು ಫೋನ್ ಇಟ್ಟು ಎದ್ದು ಹೋಗಿ ಮಂಡಕ್ಕಿ ಮಿರ್ಚಿ ತಿನ್ನಬೇಕು. ಇದು ನಮ್ಮ ಸ್ಕ್ವಾಡ್‌ನ ರೂಲ್, ಲೀಡರ್‌ಗೂ ಲಾಗು.

ಚಾಟ್‌ನಲ್ಲಿ gg ಅಂತ ಬಂದರೆ ಆಟ ಚೆನ್ನಾಗಿತ್ತು ಅಂತ, ಸೋತರೂ ವಾಪಸ್ ಟೈಪ್ ಮಾಡಿ. ez ಅಂದರೆ ನಿಮ್ಮನ್ನು ಸೋಲಿಸೋದು ಸುಲಭ ಇತ್ತು ಅನ್ನುವ ಕೊಬ್ಬು. ನಮ್ಮ ಕಡೆಯಿಂದ ಯಾರೂ ಅದನ್ನು ಹಾಕಬಾರದು. afk ಅಂದರೆ ಆಟದೊಳಗೆ ಇದ್ದಾನೆ, ಮನುಷ್ಯ ಮಾತ್ರ ಇಲ್ಲ. ಅಮ್ಮ ಕರೆದರೆ, ಬಾಗಿಲು ಬಡಿದರೆ, ಎದ್ದು ಹೋಗುವ ಮುಂಚೆ ಒಂದು ಮಾತು ಹೇಳಿ, ನಾವು ನಿಮ್ಮನ್ನು ಮನೆಯೊಳಗೆ ಬಚ್ಚಿಟ್ಟು ಕಾಯುತ್ತೇವೆ. ಕರೆಂಟ್ ಹೋಗಿ ವೈಫೈ ಆಫ್ ಆದರೆ ಮೊಬೈಲ್ ಡೇಟಾ ಆನ್ ಮಾಡಿ ತಕ್ಷಣ ರೀಕನೆಕ್ಟ್ ಒತ್ತಿ, ಮ್ಯಾಚ್ ಮುಗಿದಿರದಿದ್ದರೆ ಸಾಮಾನ್ಯವಾಗಿ ಒಳಗೆ ಬಿಡುತ್ತದೆ.

ಇವತ್ತು ಒಂಬತ್ತೂವರೆಗೆ ಲಾಬಿ ತೆರೆಯುತ್ತೇವೆ. ಅಪ್‌ಡೇಟ್ ಮೊದಲೇ ಹಾಕಿಕೊಂಡು ಬನ್ನಿ.