‘ಮೂರನೇ ಪಾಳಿ’ ಐದನೇ ಎಪಿಸೋಡ್‌ನ ರೇಡಿಯೊ ಹಾಡು ಯಾರದು?

‘ಮೂರನೇ ಪಾಳಿ’ ನೋಡಿದವರು ಸ್ವಲ್ಪ ಸಹಾಯ ಮಾಡಿ. ಐದನೇ ಎಪಿಸೋಡ್, 31 ನಿಮಿಷ 40 ಸೆಕೆಂಡ್. ಮಿಲ್ ಗೇಟಿನ ಕಾವಲುಗಾರರ ಕೋಣೆಯಲ್ಲಿ ರೇಡಿಯೊ ಹಾಡುತ್ತಿರುತ್ತದೆ. ಸರೋಜಾ ಸಂಬಳದ ಕವರ್ ಹಿಡಿದು, ಅದನ್ನು ತೆರೆಯದೆ ನಿಂತಿರುತ್ತಾಳೆ. ಹೆಣ್ಣು ದನಿ, ಜತೆಗೆ ಮ್ಯಾಂಡೋಲಿನ್. ಪಲ್ಲವಿ ಹೀಗಿದೆ:

ದೀಪ ಹಚ್ಚಿ ಹೋದವನೇ
ಕದವ ಯಾಕೆ ಮುಚ್ಚಲಿಲ್ಲ
ಗಾಳಿ ಬಂದು ಕೇಳುತಿದೆ

ನಾಲ್ಕನೇ ಸಾಲು ಮೇಸ್ತ್ರಿಯ ಮಾತಿನಡಿ ಮುಚ್ಚಿಹೋಗಿದೆ. 33:05ಕ್ಕೆ ಪಾಳಿಯ ಸೈರನ್ ಕೂಗುತ್ತದೆ, ಹಾಡು ಅಲ್ಲಿಗೇ ನಿಂತುಬಿಡುತ್ತದೆ. ಚರಣ ಕೇಳಲು ಸಿಗುವುದೇ ಇಲ್ಲ.

ಮುಂದಿನ ಎಪಿಸೋಡ್ ತಾನಾಗಿ ಶುರುವಾಗದಂತೆ ನಿಲ್ಲಿಸಿ ಕೊನೆಯ ಕ್ರೆಡಿಟ್ಸ್ ಪೂರ್ತಿ ಓದಿದೆ. ಹಿನ್ನೆಲೆ ಸಂಗೀತ ಕೊಟ್ಟವರ ಹೆಸರಿದೆ. ಹಾಡಿದವರ ಹೆಸರಿಲ್ಲ, ಬರೆದವರ ಹೆಸರೂ ಇಲ್ಲ. ಸಬ್‌ಟೈಟಲ್‌ನಲ್ಲಿ ಬರೀ ‘♪’ ಗುರುತು. ಸರಣಿಗೆ ಆಲ್ಬಂ ಬಂದಿಲ್ಲ, ಹಾಡುಗಳ ಪಟ್ಟಿಯೂ ಎಲ್ಲೂ ಸಿಗಲಿಲ್ಲ. ಶಜಾಮ್ ಕೂಡ ಏನೂ ಹೇಳಲಿಲ್ಲ. ಅದು ಗುರುತಿಸುವುದು ತನ್ನ ಸಂಗ್ರಹದಲ್ಲಿರುವ ಧ್ವನಿಮುದ್ರಣವನ್ನು ಮಾತ್ರ, ಬಿಡುಗಡೆಯೇ ಆಗದ ಹಾಡು ಅಲ್ಲಿ ಇರುವುದಾದರೂ ಹೇಗೆ? ಗುನುಗಿ ಹುಡುಕಿದರೆ ಇದೇ ರಾಗದ ಬೇರೆ ಹಾಡುಗಳು ಬರುತ್ತವೆ.

ಇದು ಯಾವುದೋ ಹಳೇ ಸಿನಿಮಾ ಹಾಡು ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಈ ಸರಣಿಗೆಂದೇ ಮಾಡಿದ ಹೊಸ ಹಾಡು ಅಂತ ನನ್ನ ನಂಬಿಕೆ, ಕಾರಣವೂ ಇದೆ.

ಶುರುವಿನಲ್ಲಿ ದನಿ ತೆಳ್ಳಗಿದೆ, ಗರಗರ ಸದ್ದೂ ಇದೆ. ಆದರೆ ಕೆಳಗಿನ ಮತ್ತು ಮೇಲಿನ ಆವರ್ತನಗಳನ್ನು ಕತ್ತರಿಸಿದರೆ ಯಾವ ಹೊಸ ಹಾಡನ್ನಾದರೂ ರೇಡಿಯೊದಲ್ಲಿ ಬಂದಂತೆ ಕೇಳಿಸಬಹುದು. 32:20ರ ಹತ್ತಿರ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕ್ಯಾಮೆರಾ ಸರೋಜಾಳ ಮುಖದ ಹತ್ತಿರ ಹೋಗುತ್ತದೆ, ಹಾಡು ನಿಧಾನವಾಗಿ ರೇಡಿಯೊದಿಂದ ಹೊರಗೆ ಬಂದು ಇಡೀ ದೃಶ್ಯವನ್ನು ತುಂಬಿಕೊಳ್ಳುತ್ತದೆ. ಆಗ ಕೆಳಗೆ ಬೇಸ್ ದಪ್ಪಗೆ, ಸ್ಪಷ್ಟವಾಗಿ ಕೇಳುತ್ತದೆ. ವಯೊಲಿನ್‌ಗಳು ಎಡಕ್ಕೆ, ಮ್ಯಾಂಡೋಲಿನ್ ಬಲಕ್ಕೆ. ಹಳೇ ಮೋನೊ ರೆಕಾರ್ಡಿಂಗ್‌ನಿಂದ ಇಷ್ಟು ಬಿಡಿಬಿಡಿಯಾದ ಶಬ್ದ ತೆಗೆಯುವುದು ಕಷ್ಟ, ಅಲ್ವಾ?

ಇನ್ನೂ ಗಟ್ಟಿ ಸಾಕ್ಷಿ ಎರಡನೇ ಎಪಿಸೋಡ್‌ನಲ್ಲಿದೆ. ಕೊನೆಯಲ್ಲಿ ಸರೋಜಾ ಹಾಜರಿ ಪುಸ್ತಕಕ್ಕೆ ಮೊದಲ ಸಲ ಸಹಿ ಹಾಕುವಾಗ ಒಂಟಿ ಚೆಲ್ಲೊ ಬರುತ್ತದಲ್ಲ, ಅದು ಇದೇ ಪಲ್ಲವಿ! ತುಂಬಾ ನಿಧಾನ ಮಾಡಿದ್ದಾರೆ, ಅದಕ್ಕೇ ಥಟ್ಟನೆ ಗೊತ್ತಾಗುವುದಿಲ್ಲ. ಹತ್ತುವಾಗ ಸ ಗ ಮ ಪ ನಿ ಸ ಕೇಳಿ ಶುದ್ಧ ಧನ್ಯಾಸಿ ಅಂದುಕೊಳ್ಳುತ್ತೇವೆ. ಇಳಿಯುವಾಗ ದ ಮತ್ತು ರಿ ಎರಡೂ ಬರುತ್ತವೆ, ಹಾಗಾಗಿ ಆಭೇರಿ ಅನ್ನುವುದೇ ಸರಿ. ರಾಗ ಒಂದೇ ಅಂದಮಾತ್ರಕ್ಕೆ ಹಾಡು ಒಂದೇ ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ‘ಮುಚ್ಚಲಿಲ್ಲ’ ಅನ್ನುವಲ್ಲಿ ಪಂಚಮದ ಮೇಲೆ ಪೂರ್ತಿ ಒಂದು ಸುತ್ತು ನಿಂತು, ಆಮೇಲೆ ಗಾಂಧಾರಕ್ಕೆ ಜಾರುವ ಆ ನಡೆ ಚೆಲ್ಲೊದಲ್ಲೂ ಹಾಗೇ ಇದೆ. ಉಸಿರು ತೆಗೆದುಕೊಳ್ಳುವ ಜಾಗ ಕೂಡ ಅದೇ. ಹಿನ್ನೆಲೆ ಸಂಗೀತ ಮಾಡಿದವರೇ ಈ ಹಾಡನ್ನೂ ಮಾಡಿದ್ದಾರೆ ಅಂತ ಅದರಿಂದಲೇ ನನಗೆ ಧೈರ್ಯ.

ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡಿ. ಮೊದಲು ಮಾತಿಲ್ಲದ ರಾಗವನ್ನು ಅವಳ ಜತೆ ಬಿಟ್ಟು, ಮೂರು ಎಪಿಸೋಡ್ ಕಳೆದ ಮೇಲೆ ಅದಕ್ಕೆ ಮಾತು ಕೊಟ್ಟಿದ್ದಾರೆ. ರೇಡಿಯೊದಲ್ಲಿ ಸುಮ್ನೆ ಯಾವುದೋ ಹಾಡು ಬರುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದು ಅವಳದೇ ಹಾಡು. ಇಂಥ ಕೆಲಸ ಮಾಡಿದ ಗಾಯಕಿ, ಸಾಹಿತಿ ಇಬ್ಬರ ಹೆಸರೂ ಇಲ್ಲದಿರುವುದು ನಿಜಕ್ಕೂ ಬೇಸರ. ಆ ದನಿಯಲ್ಲಿ ಗಮಕ ಜಾಸ್ತಿ ಇಲ್ಲ. ‘ಹೋದವನೇ’ಯ ಕೊನೆಯಲ್ಲಿ ಮಾತ್ರ ಸಣ್ಣ ಅಲುಗಾಟ. ಎಲ್ಲೋ ಕೇಳಿದ ದನಿ ಅನಿಸುತ್ತದೆ, ಹೆಸರು ನೆನಪಿಗೆ ಬರುತ್ತಿಲ್ಲ.

ಹೋಮ್ ಥಿಯೇಟರ್ ಇರುವವರಲ್ಲಿ ಒಂದು ವಿನಂತಿ. 5.1 ಆಡಿಯೊದಲ್ಲಿ ಮಾತು ಸಾಮಾನ್ಯವಾಗಿ ಮಧ್ಯದ ಸ್ಪೀಕರ್‌ನಲ್ಲಿ ಬರುತ್ತದೆ. ಅದೊಂದನ್ನು ಆಫ್ ಮಾಡಿ 31:40ರಿಂದ ಕೇಳಿದರೆ ಮೇಸ್ತ್ರಿಯ ಮಾತು ಹೋಗಿ ನಾಲ್ಕನೇ ಸಾಲು ಉಳಿಯಬಹುದು. ನನಗೆ ಅದು ‘ಹೆಸರು ಹೇಳಲೇನು ಎಂದು’ ಅನ್ನುವ ಹಾಗೆ ಕೇಳಿಸುತ್ತದೆ, ಖಚಿತವಿಲ್ಲ. ಡಬ್ಬಿಂಗ್ ಆವೃತ್ತಿ ನೋಡಿದವರಿದ್ದರೆ ಅದರಲ್ಲೂ ಇದೇ ಕನ್ನಡ ಹಾಡು ಇದೆಯೋ, ಬೇರೆ ಹಾಡಿಸಿದ್ದಾರೋ ಹೇಳಿ. ಬೇರೆ ಹಾಡಿಸಿದ್ದರೆ ಅದರ ಕ್ರೆಡಿಟ್ಸ್‌ನಲ್ಲಿ ಹೆಸರುಗಳು ಇರಬಹುದು, ಒಮ್ಮೆ ನೋಡಿ. ಈ ಸರಣಿಯ ರೆಕಾರ್ಡಿಂಗ್, ಮಿಕ್ಸಿಂಗ್‌ನಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಚರಣವನ್ನೂ ಹಾಡಿಸಿದ್ದಾರಾ ಅನ್ನುವುದೊಂದನ್ನು ದಯವಿಟ್ಟು ತಿಳಿಸಿ.