2024-25ನೇ ಸಾಲಿನ ವಾರ್ಷಿಕ ವರದಿ: ಆಡಳಿತ ಮಂಡಳಿ ಸಭೆಯಲ್ಲಿ ಮಂಡನೆ

ಮಾನ್ಯ ಅಧ್ಯಕ್ಷರೇ, ಟ್ರಸ್ಟಿಗಳೇ,

ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮ ಟ್ರಸ್ಟ್ ನಡೆಸುತ್ತಿರುವ ಆರು ಸಂಜೆ ಕಲಿಕಾ ಕೇಂದ್ರಗಳಿಗೆ ಈ ಸಾಲಿನಲ್ಲಿ 214 ಮಕ್ಕಳು ದಾಖಲಾಗಿದ್ದು, ಅವರಲ್ಲಿ ಜೂನ್ ಹಾಗೂ ಮಾರ್ಚ್‌ನ ಎರಡೂ ಓದಿನ ಪರೀಕ್ಷೆಗಳಿಗೆ ಕುಳಿತವರು 171 ಮಂದಿ. ಎರಡನೇ ತರಗತಿಯ ಪಾಠವನ್ನು ತಡವರಿಸದೆ ಓದಬಲ್ಲವರ ಸಂಖ್ಯೆ ಇವರಲ್ಲಿ 62ರಿಂದ 139ಕ್ಕೆ ಏರಿದೆ. ಶಾಲೆಯ ಪಾಲೂ ಇದರಲ್ಲಿರುವುದರಿಂದ ಪೂರ್ತಿ ಶ್ರೇಯಸ್ಸನ್ನು ನಾವೇ ತೆಗೆದುಕೊಳ್ಳುವುದು ಸರಿಯಲ್ಲ. ಉಳಿದ 43 ಮಕ್ಕಳ ಪೈಕಿ 19 ಮಂದಿ ದೀಪಾವಳಿಯ ನಂತರ ದುಡಿಯಲು ಗುಳೆ ಹೋದ ತಂದೆತಾಯಿಯರ ಜೊತೆ ಊರು ಬಿಟ್ಟವರು. ಒಂದು ಕೇಂದ್ರದಲ್ಲಂತೂ ಜನವರಿಯ ಹಾಜರಿ ಪುಸ್ತಕದಲ್ಲಿ ಉಳಿದದ್ದು ಹನ್ನೊಂದೇ ಹೆಸರು.

ಒಟ್ಟು ಆದಾಯ ರೂ. 18,40,000, ವೆಚ್ಚ ರೂ. 16,92,000, ಉಳಿತಾಯ ರೂ. 1,48,000. ಆದಾಯದ ಶೇ. 92ರಷ್ಟು ಉದ್ದೇಶಿತ ಕಾರ್ಯಕ್ಕೇ ವಿನಿಯೋಗವಾಗಿದ್ದು, ಆದಾಯ ತೆರಿಗೆ ಕಾಯ್ದೆ ಕೇಳುವ ಶೇ. 85ರ ಮಿತಿಯನ್ನು ದಾಟಿದ್ದೇವೆ. ವೆಚ್ಚದಲ್ಲಿ ಆಡಳಿತದ ಪಾಲು ಶೇ. 17. ದಾನಿಗಳ ವಿವರವುಳ್ಳ 10ಬಿಡಿ ನಮೂನೆಯನ್ನು ಮೇ 31ರ ಗಡುವಿನೊಳಗೆ ಸಲ್ಲಿಸಲಾಗಿದೆ.

ಚಿಂತೆಯ ವಿಷಯವೆಂದರೆ, ಆದಾಯದಲ್ಲಿ ರೂ. 11,00,000 ಒಬ್ಬರೇ ದಾನಿಯಿಂದ ಬಂದದ್ದು, ಅವರ ಒಪ್ಪಂದ ಬರುವ ಮಾರ್ಚ್‌ಗೆ ಮುಗಿಯುತ್ತದೆ. ಬ್ಯಾಂಕಿನಲ್ಲಿರುವ ರೂ. 4,23,000 ಮೂರು ತಿಂಗಳ ಖರ್ಚಿಗಷ್ಟೇ ಸಾಲುವುದರಿಂದ, ಹೊಸ ಕೇಂದ್ರದ ಪ್ರಸ್ತಾವವನ್ನು ಮುಂದೂಡಿ, ಉಳಿತಾಯವನ್ನು ಮೀಸಲು ನಿಧಿಗೆ ಸೇರಿಸಲು ಮಂಡಳಿಯ ಒಪ್ಪಿಗೆ ಕೋರುತ್ತೇನೆ.

ಕಾರ್ಯದರ್ಶಿ