ತಂಗಿ ಮದುವೆ: ಯಾರ ಫೋಟೊ, ಯಾವ ಶಾಸ್ತ್ರ ತಪ್ಪಬಾರದು

ನಮಸ್ಕಾರ ಅಣ್ಣ. ಫೋನಲ್ಲಿ ಅರ್ಧ ಹೇಳಿದ್ದೆ, ಪೂರ್ತಿ ಇಲ್ಲಿ ಬರೆದಿದ್ದೇನೆ. ನಿಮ್ಮ ಜೊತೆ ಬರುವ ಇಬ್ಬರು ಹುಡುಗರಿಗೂ ಶುಕ್ರವಾರವೇ ಓದಿಸಿಬಿಡಿ. ಆಲ್ಬಂ, ಡ್ರೋನ್ ಎಲ್ಲ ನಿಮ್ಮಿಷ್ಟ. ಈ ಜನ, ಈ ಶಾಸ್ತ್ರ ಮಾತ್ರ ಬಿಟ್ಟುಹೋಗಬಾರದು.

ಆರು ವರ್ಷದ ಹಿಂದೆ ನನ್ನ ಮದುವೆಯಲ್ಲಿ ಎರಡು ಸಾವಿರದ ಮೇಲೆ ಫೋಟೊ ತೆಗೆದಿದ್ದರು, ಅಷ್ಟರಲ್ಲಿ ತಾತ ಇದ್ದದ್ದು ಒಂದೇ ಒಂದರಲ್ಲಿ, ಅದೂ ಊಟದ ಪಂಕ್ತಿಯಲ್ಲಿ ಆ ಕಡೆ ತಿರುಗಿ ಕೂತಿದ್ದು. ಮರುವರ್ಷ ತಾತ ತೀರಿಕೊಂಡರು. ಗೋಡೆಗೆ ಹಾಕಲು ವೋಟರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿದೆವು. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಮೊದಲು ಅಜ್ಜಿ. 84 ವರ್ಷ, ಕುಳ್ಳಗಿದ್ದಾರೆ, ಎರಡೂ ದಿನ ಬಿಳಿ ಕುಪ್ಪಸ, ಕಂದು ಬಣ್ಣದ ಸೀರೆ. ಗಂಡ ಇಲ್ಲದವಳು ಮಂಟಪಕ್ಕೆ ಯಾಕೆ ಅಂತ ಯಾವ ಮದುವೆಗೆ ಹೋದರೂ ಕೊನೇ ಸಾಲಲ್ಲಿ ಕೂತುಬಿಡುತ್ತಾರೆ. ಈ ಸಲ ಹಾಗಾಗಲು ಬಿಡುವುದಿಲ್ಲ. ಅಪ್ಪ-ಅಮ್ಮ ಧಾರೆ ಎರೆದ ತಕ್ಷಣ ಅಜ್ಜಿಯೇ ಎರೆಯಬೇಕು ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದ್ದೇವೆ, ಪುರೋಹಿತರೂ ಒಪ್ಪಿದ್ದಾರೆ. ಅಪ್ಪ ಇಳಿದು ಹೋಗಿ ಕೈ ಹಿಡಿದು ಕರೆತರುತ್ತಾರೆ. ಅಜ್ಜಿ ಕುರ್ಚಿಯಿಂದ ಏಳುವಾಗಿನಿಂದಲೇ ಒಬ್ಬರು ತೆಗೆಯುತ್ತಿರಲಿ. 'ಈ ಕಡೆ ನೋಡಿ ಅಜ್ಜಿ' ಅಂತ ಮಾತ್ರ ಕೂಗಬೇಡಿ, ಮುಖಕ್ಕೆ ಸೆರಗು ಎಳೆದುಕೊಂಡುಬಿಡುತ್ತಾರೆ.

ಶನಿವಾರ ಬೆಳಿಗ್ಗೆ 7ಕ್ಕೆ ಪಾಂಡವಪುರದ ಹತ್ತಿರ ನಮ್ಮ ಊರಲ್ಲೇ ಇರಿ. ಚಪ್ಪರದ ಕಂಬದ ಪೂಜೆ, ಅರಿಶಿನ, ಬಳೆ ತೊಡಿಸುವುದು. ಬಳೆ ತೊಡಿಸುವಾಗ ತಂಗಿ ಕೈ ಅಷ್ಟೇ ಅಲ್ಲ, ಸುತ್ತ ಕೂತ ಹೆಂಗಸರ ಮುಖವೂ ಬರಲಿ. ಅವರಲ್ಲಿ ಅರ್ಧ ಜನ ಛತ್ರಕ್ಕೆ ಬರುವುದಿಲ್ಲ.

ಸಂಜೆ 6ಕ್ಕೆ ಮಂಡ್ಯದ ಛತ್ರ, ವರಪೂಜೆ. ಆಮೇಲೆ ರಿಸೆಪ್ಶನ್. ಅದು ನಿಮಗೆ ಗೊತ್ತಿರುವುದೇ. ಆದರೆ ಗ್ರೂಪ್ ಫೋಟೊ ಎಲ್ಲ ಜನ ನುಗ್ಗುವ ಮೊದಲೇ, ಏಳೂವರೆ ಒಳಗೆ ಮುಗಿಯಲಿ. ಭಾನುವಾರಕ್ಕೆ ಇಟ್ಟುಕೊಂಡರೆ ನಾಗಮಂಗಲದವರು ಊಟ ಮಾಡಿ ಒಂದು ಗಂಟೆಗೇ ಹೊರಟಿರುತ್ತಾರೆ. ಮೊದಲು ಅಪ್ಪನ ಕಡೆ: ಇಬ್ಬರು ದೊಡ್ಡಪ್ಪಂದಿರು, ಮೂವರು ಅತ್ತೆಯರು, ಅವರ ಮಕ್ಕಳು. ಆಮೇಲೆ ಅಮ್ಮನ ಕಡೆ: ಇಬ್ಬರು ಸೋದರಮಾವಂದಿರು, ಚಿಕ್ಕಮ್ಮ, ಅಜ್ಜಿಯ ತಂಗಿ. ಈ ಅಜ್ಜಿ ಗಾಲಿಕುರ್ಚಿಯಲ್ಲಿ ಇರುತ್ತಾರೆ, ಸ್ಟೇಜ್ ಹತ್ತಿಸಬೇಡಿ, ತಂಗಿಯೇ ಕೆಳಗೆ ಇಳಿದು ಬರುತ್ತಾಳೆ. ಇನ್ನೊಂದು ವಿಷಯ, ದೊಡ್ಡ ದೊಡ್ಡಪ್ಪನಿಗೂ ಚಿಕ್ಕ ಸೋದರಮಾವನಿಗೂ ಮಾತಿಲ್ಲ. ಒಂದೇ ಫೋಟೊದಲ್ಲಿ ನಿಲ್ಲಿ ಅಂತ ಕರೆಯಬೇಡಿ, ಬೇರೆ ಬೇರೆ ತೆಗೆಯಿರಿ.

ಭಾನುವಾರ ಮುಹೂರ್ತ 9:45ರಿಂದ 10:30. ಎಂಟಕ್ಕೆಲ್ಲ ತಿಂಡಿ ಮುಗಿಸಿರಿ, ಕಾಶಿಯಾತ್ರೆ ಎಂಟೂವರೆಗೆ. ಭಾವ ಆಗುವವರಿಗೆ ಕೊಡೆ ಹಿಡಿದು ವಾಪಸ್ ಕರೆಯುವುದು ನನ್ನ ತಮ್ಮ. ತಂಗಿಯನ್ನು ಮಂಟಪಕ್ಕೆ ಕರೆತರುವುದು ದೊಡ್ಡ ಸೋದರಮಾವ, ಪೇಟ ಕಟ್ಟಿರುತ್ತಾರೆ. ಅವಳ ಹಿಂದೆಯೇ ಕಳಶ ಹಿಡಿದ ಪುಟ್ಟ ಹುಡುಗಿ ನನ್ನ ಮಗಳು, ಅವಳೂ ಬರಲಿ. ಅಂತರಪಟ ಸರಿಯುವಾಗ ಕ್ಯಾಮೆರಾ ಎರಡೂ ಕಡೆ ಇರಲೇಬೇಕು, ಒಬ್ಬರು ತಂಗಿ ಮುಖಕ್ಕೆ, ಒಬ್ಬರು ಹುಡುಗನ ಮುಖಕ್ಕೆ. ಜೀರಿಗೆ ಬೆಲ್ಲ ಹಾಕುವುದು ಕ್ಷಣದಲ್ಲಿ ಮುಗಿಯುತ್ತದೆ, ಮತ್ತೆ ಮಾಡಿ ಅಂತ ಕೇಳುವ ಹಾಗಿಲ್ಲ.

ಗಟ್ಟಿಮೇಳ ಶುರುವಾದರೆ ಎಲ್ಲರೂ ಎದ್ದು ಅಕ್ಷತೆ ಹಾಕಲು ಮುಂದೆ ಬರುತ್ತಾರೆ. ಆಗ ಸ್ಟೇಜ್ ಮುಂದೆ ಅಡ್ಡ ನಿಲ್ಲಬೇಡಿ ಅಣ್ಣ, ದಯವಿಟ್ಟು. ದೂರದಿಂದ ಬಂದವರಿಗೆ ತಾಳಿ ಕಟ್ಟುವುದು ಕಾಣಬೇಕು ಅಲ್ವಾ. ಪಕ್ಕದಿಂದ ತೆಗೆಯಿರಿ. ಮೂರು ಗಂಟಿನ ಜೊತೆ ಅಮ್ಮನ ಮುಖವೂ ಬೇಕು, ಅಳು ತಡೆದುಕೊಳ್ಳುತ್ತಾರೆ, ನನಗೆ ಗೊತ್ತು.

ನಮ್ಮ ಕಡೆ ತಾಳಿ ಆದಮೇಲೆ ಧಾರೆ. ಬಂದ ನೆಂಟರೆಲ್ಲ ಸಾಲಾಗಿ ಬಂದು ಹಾಲು ಎರೆಯುತ್ತಾರೆ. ಅಲ್ಲಿ ಒಬ್ಬ ಹುಡುಗನನ್ನು ಕದಲದೆ ನಿಲ್ಲಿಸಿ. ಪ್ರತಿಯೊಬ್ಬರದೂ ಕೈ, ಮುಖ, ವಧೂವರರು ಒಂದೇ ಫ್ರೇಮಲ್ಲಿ ಸಿಗುವ ಜಾಗ ಅದೊಂದೇ. ಬೇರೆಲ್ಲಾದರೂ ಯಾರಾದರೂ ತಪ್ಪಿದ್ದರೆ ಇಲ್ಲಿ ಸಿಕ್ಕೇ ಸಿಗುತ್ತಾರೆ. ಹಾಲು ನೆಲಕ್ಕೆ ಬಿದ್ದು ಜಾರುತ್ತದೆ, ಹುಷಾರು.

ಸಪ್ತಪದಿ, ಅರುಂಧತಿ ನಕ್ಷತ್ರ ಮಾಮೂಲಿನಂತೆ ತೆಗೆಯಿರಿ. ಹೆಣ್ಣೊಪ್ಪಿಸುವಾಗ ಮಾತ್ರ ಲೈಟ್ ಹಾಕಬೇಡಿ, ಹತ್ತಿರವೂ ಬರಬೇಡಿ. ದೂರದಿಂದ ಸಾಕು.

ಯಾರು ಯಾರು ಅಂತ ಗುರುತು ಹೇಳಲು ತಮ್ಮ ಎರಡೂ ದಿನ ನಿಮ್ಮ ಜೊತೆಗೇ ಇರುತ್ತಾನೆ, ನೀಲಿ ಜುಬ್ಬಾ. ಈ ಪಟ್ಟಿಯ ಪ್ರಿಂಟ್ ಅವನ ಜೇಬಲ್ಲಿರುತ್ತದೆ, ಸಿಕ್ಕವರ ಹೆಸರಿಗೆ ಟಿಕ್ ಹಾಕುತ್ತಾನೆ. ಕಾಶಿಯಾತ್ರೆ ಹೊತ್ತಲ್ಲಿ ಮಾತ್ರ ಅವನ ಬದಲು ನನ್ನನ್ನು ಕೇಳಿ. ಶನಿವಾರ ರಾತ್ರಿ ಮಲಗುವ ಮೊದಲು ಕಾರ್ಡುಗಳನ್ನು ಲ್ಯಾಪ್‌ಟಾಪಿಗೆ ಹಾಕಿ, ಇನ್ನೊಂದು ಹಾರ್ಡ್ ಡಿಸ್ಕಿಗೂ ಹಾಕಿ. ಆ ಕಾರ್ಡನ್ನೇ ಅಳಿಸಿ ಭಾನುವಾರಕ್ಕೆ ಬಳಸಬೇಡಿ, ಹೊಸ ಕಾರ್ಡಿನ ದುಡ್ಡು ನಾವೇ ಕೊಡುತ್ತೇವೆ.

ಆಲ್ಬಂ ನಿಧಾನವಾಗಿ ಬರಲಿ. ಅಜ್ಜಿ ಧಾರೆ ಎರೆಯುವ ಫೋಟೊ ಒಂದು ಮಾತ್ರ ಮಂಗಳವಾರ ಬೀಗರೂಟದ ಹೊತ್ತಿಗೆ ಪ್ರಿಂಟ್ ಆಗಿ ಬೇಕು. ಅಜ್ಜಿ ಕೈಗೇ ಕೊಡಬೇಕು.